ಗುಂಪು ಫೋಟೋದಲ್ಲಿ ಇಲ್ಲದವರನ್ನು ನಿಲ್ಲಿಸುವಾಗ



ಮದುವೆ ಆಲ್ಬಮ್ ಮಾಡುವ ಸ್ಟುಡಿಯೊಗಳಿಗೆ ತಪ್ಪದೆ ಬರುವ ಕೋರಿಕೆಯೊಂದಿದೆ. ಮನೆಮಂದಿಯೆಲ್ಲ ಸಾಲಾಗಿ ನಿಂತ ಗುಂಪು ಫೋಟೋ ತಯಾರಾಗಿದೆ, ಆದರೆ ಅದರಲ್ಲಿ ಒಬ್ಬರಿಲ್ಲ. ಕೊಲ್ಲಿ ದೇಶದಲ್ಲಿ ಕೆಲಸದಲ್ಲಿರುವ ಕಿರಿಮಗನಿಗೆ ಆ ವಾರ ರಜೆ ಸಿಕ್ಕಿರುವುದಿಲ್ಲ. ತಾಯಿ ಮೊಬೈಲಿನಲ್ಲಿ ಅವನ ಫೋಟೋ ತೋರಿಸಿ, “ಇವನನ್ನೂ ಹಿಂದಿನ ಸಾಲಿನಲ್ಲಿ ಅವರಣ್ಣನ ಪಕ್ಕ ನಿಲ್ಲಿಸಿಕೊಡಪ್ಪಾ, ಗೊತ್ತಾಗಬಾರದು” ಅನ್ನುತ್ತಾರೆ. ಕತ್ತರಿಸುವುದು, ಅಂಟಿಸುವುದು ಇವತ್ತು ಯಾರಿಗೂ ಕಷ್ಟವಲ್ಲ. ಕಷ್ಟವಿರುವುದು ಆ ಕೊನೆಯ ಮಾತಿನಲ್ಲಿ, ಗೊತ್ತಾಗಬಾರದು ಅನ್ನುವುದರಲ್ಲಿ.

ಗೊತ್ತಾಗುವುದು ಎಲ್ಲಿಂದ? ಕತ್ತರಿಸಿದ ಅಂಚಿನಿಂದ ಅಂತ ಹೊಸ ಹುಡುಗರು ಅಂದುಕೊಳ್ಳುತ್ತಾರೆ. ಹೊತ್ತುಗಟ್ಟಲೆ ಕೂತು ಕೂದಲು ಕೂದಲನ್ನೂ ಬಿಡಿಸುತ್ತಾರೆ. ಬೆಳಕಿನ ದಿಕ್ಕು, ಮೈಬಣ್ಣ ಎಲ್ಲವನ್ನೂ ಸರಿಮಾಡುತ್ತಾರೆ. ಆಮೇಲೂ ಆ ಹುಡುಗ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತಂತೆ ಕಾಣುತ್ತಾನೆ. ನೋಡಿದವರು “ಏನೋ ಸರಿಯಿಲ್ಲ” ಅನ್ನುತ್ತಾರೆ, ಏನು ಅಂತ ಹೇಳಲಾರರು. ಕೈಮಗ್ಗದ ಸೀರೆಗೆ ಅದೇ ಬಣ್ಣದ ಮಿಲ್ ಬಟ್ಟೆಯ ತೇಪೆ ಹಾಕಿದ ಹಾಗೆ: ಬಣ್ಣ ಕೂಡಿದೆ, ಹೊಲಿಗೆಯೂ ಅಚ್ಚುಕಟ್ಟು, ನೇಯ್ಗೆ ಮಾತ್ರ ಬೇರೆ. ಫೋಟೋಗೂ ಇಂಥದೊಂದು ನೇಯ್ಗೆ ಇದೆ. ಅದನ್ನು ಫಿಲ್ಮಿನ ಕಾಲದವರು ಗ್ರೇನ್ ಎಂದರು, ಡಿಜಿಟಲ್ ಕಾಲದವರು ನಾಯ್ಸ್ ಎನ್ನುತ್ತಾರೆ. ನಾನು ಇವತ್ತು ಎರಡಕ್ಕೂ ಕಣ ಎಂದೇ ಹೇಳುತ್ತೇನೆ. ಈ ಕಣ ಮತ್ತು ಅದರ ಜೊತೆಗೇ ಬರುವ ಶಾರ್ಪ್‌ನೆಸ್, ಇವೆರಡನ್ನು ಹೊಂದಿಸುವುದಷ್ಟೇ ಇವತ್ತಿನ ಮಾತು. ಬೆಳಕು, ಬಣ್ಣ, ನೆರಳು ಎಲ್ಲ ಆಗಲೇ ಸರಿಹೋಗಿವೆ ಎಂದುಕೊಳ್ಳೋಣ.

ಇದು ಕಂಪ್ಯೂಟರ್ ತಂದ ತೊಂದರೆಯೇನಲ್ಲ. ಫಿಲ್ಮಿನ ಕಾಲದ ಸಿನಿಮಾ ಪ್ರಿಂಟನ್ನು ಗಮನವಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದು ದೃಶ್ಯ ಕರಗಿ ಇನ್ನೊಂದಾಗುವ ಮೊದಲು, ಇನ್ನೂ ಕರಗುವುದು ಶುರುವಾಗುವ ಮುಂಚೆಯೇ, ಚಿತ್ರ ಸ್ವಲ್ಪ ಮಂಕಾಗಿ ಕಣ ಹೆಚ್ಚಾಗುತ್ತದೆ. ಆ ತುಣುಕನ್ನು ಆಪ್ಟಿಕಲ್ ಪ್ರಿಂಟರ್‌ನಲ್ಲಿ ಹಾಕಿ, ಫಿಲ್ಮಿನಿಂದ ಫಿಲ್ಮಿಗೆ ಮರುಪ್ರತಿ ತೆಗೆದಿರುತ್ತಾರೆ. ಮೂಲದ ಕಣದ ಮೇಲೆ ಪ್ರತಿಯ ಕಣವೂ ಕೂತಿರುತ್ತದೆ. ದ್ವಿಪಾತ್ರದ ದೃಶ್ಯಗಳಲ್ಲಿ ಜಾಣ ಛಾಯಾಗ್ರಾಹಕರು ಈ ತೊಂದರೆಯನ್ನೇ ತಪ್ಪಿಸುತ್ತಿದ್ದರು. ಲೆನ್ಸಿನ ಅರ್ಧ ಮುಚ್ಚಿ ಒಂದು ಪಾತ್ರವನ್ನು ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಅದೇ ನೆಗೆಟಿವ್ ಮೇಲೆ ಎರಡನೆಯದನ್ನು ತೆಗೆಯುತ್ತಿದ್ದರು. ಒಂದೇ ಫಿಲ್ಮು, ಒಂದೇ ಲೆನ್ಸು, ಒಂದೇ ಕಣ. ನಡುವಿನ ಗೆರೆ ಕಂಬದ ಹಿಂದೆಯೋ ಬಾಗಿಲ ಚೌಕಟ್ಟಿನಲ್ಲೋ ಅಡಗಿಹೋಗುತ್ತಿತ್ತು. ನಮಗೆ ಆ ಅನುಕೂಲವಿಲ್ಲ. ನಮ್ಮ ಎರಡು ಫೋಟೋಗಳು ಎರಡು ಕ್ಯಾಮೆರಾದವು, ಎರಡು ದೇಶದವು.

ನಮ್ಮ ಉದಾಹರಣೆಗೇ ಬರೋಣ. ಗುಂಪು ಫೋಟೋ ಆರತಕ್ಷತೆಯ ಸಂಜೆ ಕಲ್ಯಾಣ ಮಂಟಪದೊಳಗೆ ತೆಗೆದದ್ದು. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಐಎಸ್ಓ 3200. ಮಗನ ಫೋಟೋ ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದದ್ದು. ಮಂಟಪದಲ್ಲಿ ಬೆಳಕು ಕಡಿಮೆ. ಸೆನ್ಸರಿಗೆ ಬಿದ್ದ ಅಷ್ಟಿಷ್ಟು ಬೆಳಕನ್ನೇ ಕ್ಯಾಮೆರಾ ಹಿಗ್ಗಿಸಿದೆ, ಆದ್ದರಿಂದ ಕಣ ಎದ್ದು ಕಾಣುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಇಲ್ಲ. ಕಪ್ಪು ಕೋಟಿನ ಮಡಿಕೆಯಲ್ಲಿ ಹೆಚ್ಚು, ಬಿಳಿ ಶರ್ಟಿನಲ್ಲಿ ಕಡಿಮೆ, ಯಾಕೆಂದರೆ ಬೆಳಕು ಕಡಿಮೆಯಾದಷ್ಟೂ ಅದಕ್ಕೆ ಹೋಲಿಸಿದರೆ ಅದರ ಏರಿಳಿತ ದೊಡ್ಡದಾಗುತ್ತದೆ. ಮೊಬೈಲಿನ ಕಥೆ ತಿರುಗುಮುರುಗು. ಅದು ಒಂದು ಕ್ಲಿಕ್ಕಿಗೆ ಹಲವು ಫ್ರೇಮ್ ತೆಗೆದು ಕೂಡಿಸಿ ಕಣವನ್ನು ಒರೆಸಿಹಾಕುತ್ತದೆ, ಆಮೇಲೆ ಅಂಚುಗಳನ್ನು ತಾನೇ ಶಾರ್ಪ್ ಮಾಡುತ್ತದೆ. ಕೆನ್ನೆ ನುಣುಪು, ಮೀಸೆಯ ಅಂಚು ಚೂಪು. ಗುಂಪಿನಲ್ಲಿ ಉಳಿದವರೆಲ್ಲರ ಕೆನ್ನೆ ಒರಟು, ಅಂಚು ಮೆದು.

ಕೆಲಸದ ಕ್ರಮ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಮೊದಲು ಅಳತೆ, ಆಮೇಲೆ ಶಾರ್ಪ್‌ನೆಸ್, ಕಟ್ಟಕಡೆಗೆ ಕಣ. ಮಗನ ಚಿತ್ರ ತಲೆಯಿಂದ ಸೊಂಟದವರೆಗೆ 2400 ಪಿಕ್ಸೆಲ್ ಎತ್ತರವಿದೆ, ಗುಂಪಿನಲ್ಲಿ ಅಣ್ಣ 1500 ಪಿಕ್ಸೆಲ್ ಇದ್ದಾನೆ ಎಂದಿಟ್ಟುಕೊಳ್ಳಿ. ಚಿತ್ರವನ್ನು ಕಿರಿದು ಮಾಡಿದಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆತು ಇದ್ದಬದ್ದ ಕಣವೂ ಇಳಿಯುತ್ತದೆ, ಅಂಚು ಇನ್ನೂ ಚೂಪಾಗುತ್ತದೆ. ಹಿರಿದು ಮಾಡಿದರೆ ಇದಕ್ಕೆ ಉಲ್ಟಾ: ಕಣ ಉಬ್ಬುತ್ತದೆ, ಅಂಚು ಮಂಕಾಗುತ್ತದೆ. ಒಂದೆರಡು ಡಿಗ್ರಿ ತಿರುಗಿಸಿದರೂ ಸ್ವಲ್ಪ ಮೆದುವಾಗುತ್ತದೆ. ಹಾಗಾಗಿ ಮೊದಲು ಕಣ ಹಾಕಿ ಆಮೇಲೆ ಸೈಜು ಬದಲಿಸಿದವನು ಎರಡು ಸಲ ಕೆಲಸ ಮಾಡುತ್ತಾನೆ. ಕಣ ಹಾಕಿ ಆಮೇಲೆ ಬ್ಲರ್ ಮಾಡಿದವನಂತೂ ಹಾಕಿದ್ದನ್ನು ತಾನೇ ಅಳಿಸಿದ.

ಶಾರ್ಪ್‌ನೆಸ್ ಹೊಂದಿಸುವಾಗ ಯಾರ ಜೊತೆ ಹೋಲಿಸಬೇಕು ಅನ್ನುವುದೇ ಮುಖ್ಯ. ಫೋಟೋ ನೋಡಿದವರ ಕಣ್ಣು ಮೊದಲು ಮದುಮಗಳ ಮೇಲೆ ಹೋಗುತ್ತದೆ, ಎಡಿಟರನ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅವಳ ಮೂಗುತಿಯ ಹೊಳಪಿಗೆ ಹಿಂದಿನ ಸಾಲಿನ ಹುಡುಗನನ್ನು ಹೊಂದಿಸಿಬಿಡುತ್ತಾನೆ. ಫೋಕಸ್ ಇರುವುದು ಮುಂದಿನ ಸಾಲಿನ ಮೇಲೆ. ಹಿಂದಿನ ಸಾಲು ಕೂದಲೆಳೆಯಷ್ಟು ಮಂಕಾಗಿರಲೇಬೇಕು. ಹೋಲಿಸಬೇಕಾದದ್ದು ಪಕ್ಕದಲ್ಲಿ ಅಷ್ಟೇ ದೂರದಲ್ಲಿ ನಿಂತಿರುವ ಅಣ್ಣನ ಜೊತೆ, ಅವನ ಶರ್ಟಿನ ಕಾಲರ್ ಕುತ್ತಿಗೆಗೆ ತಾಗುವ ಗೆರೆಯ ಜೊತೆ.

ಆ ಗೆರೆಯನ್ನು ಪರದೆ ತುಂಬ ಹಿಗ್ಗಿಸಿ ನೋಡಿ. ಬಿಳುಪಿನಿಂದ ಮೈಬಣ್ಣಕ್ಕೆ ಹೋಗಲು ಎಷ್ಟು ಪಿಕ್ಸೆಲ್ ಬೇಕಾಯಿತು? ಅಣ್ಣನದು ನಾಲ್ಕು, ನಾವು ಅಂಟಿಸಿದ ತಮ್ಮನದು ಎರಡು ಇದೆ ಎನ್ನೋಣ. ಹಾಗಾದರೆ ಎರಡು ಪಿಕ್ಸೆಲ್‌ನ ಬ್ಲರ್ ಸೇರಿಸಿದರೆ ಸಾಕೇ? ಸಾಲದು. ಮಂಕಿನ ಮೇಲೆ ಮಂಕು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ನಾಲ್ಕರ ವರ್ಗ 16, ಎರಡರ ವರ್ಗ 4. ಕಳೆದರೆ 12, ಅದರ ವರ್ಗಮೂಲ ಸುಮಾರು ಮೂರೂವರೆ. ಗಾಸಿಯನ್ ಬ್ಲರ್ ಬಳಸುವುದಾದರೆ ಅಂಚಿನ ಈ ಅಗಲವನ್ನು ಎರಡೂವರೆಯಿಂದ ಭಾಗಿಸಿದರೆ ಕೊಡಬೇಕಾದ ರೇಡಿಯಸ್ ಹತ್ತಿರಹತ್ತಿರ ಸಿಗುತ್ತದೆ, ಅಂದರೆ ಇಲ್ಲಿ 1.3 ಅಥವಾ 1.4. ಕಣ್ಣಳತೆಯಲ್ಲಿ 0.5 ಹಾಕಿ ಸಾಕು ಅಂದುಕೊಳ್ಳುವವರೇ ಹೆಚ್ಚು. ಅದಕ್ಕೇ ಹುಡುಗ ಗುಂಪಿನಿಂದ ಮುಂದೆ ಬಂದು ನಿಲ್ಲುವುದು.

ಬ್ಲರ್‌ನಿಂದ ಹೋಗದ ಒಂದು ಕೊಳೆ ಮೊಬೈಲ್ ಫೋಟೋದಲ್ಲಿರುತ್ತದೆ. ಅದು ತಾನೇ ಶಾರ್ಪ್ ಮಾಡಿದ್ದರಿಂದ ಕಪ್ಪು ಕೂದಲಿನ ಸುತ್ತ, ಭುಜದ ಅಂಚಿನಲ್ಲಿ, ತೆಳ್ಳನೆಯ ಬಿಳಿ ಗೆರೆ ಎದ್ದಿರುತ್ತದೆ. ಬ್ಲರ್ ಮಾಡಿದರೆ ಅದು ಅಗಲವಾಗಿ ಮಸುಕಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಮೊದಲೇ ಆಯ್ಕೆಯನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಎಳೆದು ಹೊರಗಿನ ಗೆರೆಯನ್ನು ಕತ್ತರಿಸಿಬಿಡಬೇಕು. ಒಳಗೆ ಕಾಲರಿನ ಬಳಿ, ಕನ್ನಡಕದ ಫ್ರೇಮಿನ ಬಳಿ ಉಳಿದದ್ದನ್ನು ಸಣ್ಣ ಬ್ರಷ್ಷಿನಿಂದ, ಕಪ್ಪಾಗಿಸುವ ಮೋಡ್‌ನಲ್ಲಿ, ಕೈಯಾರೆ ತೀಡಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಈಗ ಕಣ. ಇಲ್ಲಿ ಕಣ್ಣನ್ನು ನಂಬುವ ಬದಲು ಅಳೆಯುವುದು ಮೇಲು, ಅಳೆಯುವ ಸಾಧನ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಫೋಟೋಶಾಪ್ ಆಗಲಿ, ಉಚಿತವಾಗಿ ಸಿಗುವ ಗಿಂಪ್ ಆಗಲಿ, ಹಿಸ್ಟೋಗ್ರಾಮ್ ತೆರೆದರೆ ಕೆಳಗೆ Std Dev ಎಂಬ ಅಂಕಿ ಇರುತ್ತದೆ. ಆಯ್ದ ಜಾಗದಲ್ಲಿ ಪಿಕ್ಸೆಲ್‌ಗಳು ಸರಾಸರಿಯಿಂದ ಎಷ್ಟು ಮೇಲೆ ಕೆಳಗೆ ಆಡುತ್ತಿವೆ ಅನ್ನುವುದರ ಅಳತೆ ಅದು. ಅಣ್ಣನ ಕೋಟಿನಲ್ಲಿ ಮಡಿಕೆಯಿಲ್ಲದ, ಒಂದೇ ಸಮ ಕಪ್ಪಿರುವ ಚಿಕ್ಕ ಚೌಕವೊಂದನ್ನು ಆಯ್ದುಕೊಳ್ಳಿ, 40 ಪಿಕ್ಸೆಲ್ ಅಗಲ ಸಾಕು. ಚೌಕದೊಳಗೆ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಯುತ್ತಿದ್ದರೆ ಆ ಇಳಿತವೂ ಅಂಕಿಯಲ್ಲಿ ಸೇರಿ ಮೋಸಮಾಡುತ್ತದೆ. ಫೋಟೋಶಾಪಿನಲ್ಲಿ ಇನ್ನೊಂದು ಮೋಸವುಂಟು. ಹಿಸ್ಟೋಗ್ರಾಮಿನ ಮೂಲೆಯಲ್ಲಿ ಎಚ್ಚರಿಕೆಯ ತ್ರಿಕೋನ ಗುರುತು ಇದ್ದರೆ, ಅದು ಪೂರ್ತಿ ಚಿತ್ರವನ್ನು ನೋಡದೆ ಕಿರಿದಾಗಿಸಿದ ಪ್ರತಿಯ ಲೆಕ್ಕ ಕೊಡುತ್ತಿದೆ ಎಂದರ್ಥ. ಕಿರಿದಾದ ಪ್ರತಿಯಲ್ಲಿ ಕಣ ಕಡಿಮೆ ಎಂದು ಆಗಲೇ ಹೇಳಿದೆನಲ್ಲ. ಗುರುತಿನ ಮೇಲೆ ಒಂದು ಕ್ಲಿಕ್ ಮಾಡಿ ನಿಜವಾದ ಅಂಕಿ ತರಿಸಿಕೊಳ್ಳಬೇಕು. ಚಾನೆಲ್ ಜಾಗದಲ್ಲಿ Luminosity ಇರಲಿ.

ಅಣ್ಣನ ಕಪ್ಪು ಕೋಟಿನಲ್ಲಿ 7 ಬಂತು, ಬಿಳಿ ಶರ್ಟಿನಲ್ಲಿ 4 ಬಂತು. ತಮ್ಮನ ಕಪ್ಪು ಪ್ಯಾಂಟು, ಬಿಳಿ ಶರ್ಟು ಎರಡರಲ್ಲೂ 2. ಇಲ್ಲಿಯೂ ಅದೇ ವರ್ಗದ ಲೆಕ್ಕ. ಕಪ್ಪಿನಲ್ಲಿ 49ರಿಂದ 4 ಕಳೆದು ವರ್ಗಮೂಲ ತೆಗೆದರೆ 6.7, ಬಿಳುಪಿನಲ್ಲಿ 16ರಿಂದ 4 ಕಳೆದರೆ ಮೂರೂವರೆ. ಅಂದರೆ ಒಂದೇ ಪ್ರಮಾಣದ ಕಣವನ್ನು ಇಡೀ ಹುಡುಗನ ಮೇಲೆ ಸುರಿದರೆ ಒಂದೋ ಶರ್ಟು ಹಾಳು, ಇಲ್ಲವೋ ಪ್ಯಾಂಟು ಹಾಳು.

ಮಾಡುವ ರೀತಿ ಹೀಗೆ. ಹುಡುಗನ ಮೇಲೆ ಒಂದು ಹೊಸ ಲೇಯರ್ ಇಟ್ಟು ಅದಕ್ಕೆ 50% ಬೂದು ಬಣ್ಣ ತುಂಬಿ, ಹುಡುಗನ ಲೇಯರಿಗಷ್ಟೇ ತಾಗುವಂತೆ ಕ್ಲಿಪ್ ಮಾಡಿ. ಬೂದು ಲೇಯರಿಗೆ Add Noise ಹಾಕಿ, ಗಾಸಿಯನ್ ಆಯ್ಕೆಯಿರಲಿ. ಆಮೇಲೆ ಬೂದು ಬಣ್ಣ ಮಾಯವಾಗಿ ಕಣ ಮಾತ್ರ ಉಳಿಯುವಂಥ ಬ್ಲೆಂಡ್ ಮೋಡ್ ಕೊಡಬೇಕು. ಬಹಳ ಜನ Overlay ಕೊಡುತ್ತಾರೆ, ಎಲ್ಲರೂ ಹಾಗೇ ಕಲಿಸುತ್ತಾರೆ. Overlay ನಡುಬಣ್ಣಗಳಲ್ಲಿ ಜೋರಾಗಿ ಕೆಲಸಮಾಡಿ ಕಡುಗಪ್ಪು ಮತ್ತು ಅಚ್ಚಬಿಳುಪಿನಲ್ಲಿ ಮಾಯವಾಗುತ್ತದೆ. ಹಳೆಯ ಫಿಲ್ಮ್ ಫೋಟೋದ ಸ್ಕ್ಯಾನಿಗೆ ಇದು ಒಪ್ಪುತ್ತದೆ, ಫಿಲ್ಮಿನ ಕಣ ಎದ್ದು ಕಾಣುವುದು ನಡುಬಣ್ಣಗಳಲ್ಲೇ. ಡಿಜಿಟಲ್ ಕ್ಯಾಮೆರಾದ ಕಣ ಹಾಗಲ್ಲ, ಕಪ್ಪಿನಲ್ಲೇ ಅದರ ಹಾವಳಿ. ಅದಕ್ಕೆ Linear Light ಸರಿ. ಇದು ಕಪ್ಪು ಬಿಳುಪು ನೋಡದೆ ಎಲ್ಲ ಕಡೆ ಒಂದೇ ಸಮ ಕಣ ಹಾಕುತ್ತದೆ, ತುಸು ಜೋರಾಗಿಯೇ ಹಾಕುತ್ತದೆ. ಆದ್ದರಿಂದ ಇಂಥ ಎರಡು ಲೇಯರ್ ಮಾಡಿ, ಒಂದನ್ನು ಕಪ್ಪು ಜಾಗಗಳಿಗೆ, ಇನ್ನೊಂದನ್ನು ಬೆಳಕಿನ ಜಾಗಗಳಿಗೆ ಮಾಸ್ಕ್‌ನಿಂದ ಸೀಮಿತಗೊಳಿಸಿ. ಎರಡರ ಒಪಾಸಿಟಿಯನ್ನೂ ಬೇರೆಬೇರೆಯಾಗಿ ಇಳಿಸುತ್ತ ಬನ್ನಿ. ಕಪ್ಪು ಪ್ಯಾಂಟಿನಲ್ಲಿ ಅಂಕಿ 7ಕ್ಕೆ, ಶರ್ಟಿನಲ್ಲಿ 4ಕ್ಕೆ ಬಂದಾಗ ನಿಲ್ಲಿಸಿ.

ಅಂಕಿ ಕೂಡಿತು ಅಂದಮಾತ್ರಕ್ಕೆ ಮುಗಿಯಲಿಲ್ಲ, ಕಣದ ಗಾತ್ರವೂ ಕೂಡಬೇಕು. Add Noise ಕೊಡುವುದು ಒಂದೊಂದು ಪಿಕ್ಸೆಲ್‌ನ ಚೂಪು ಚುಕ್ಕೆ. ಕ್ಯಾಮೆರಾದ ಕಣ ಹಾಗಿರುವುದಿಲ್ಲ. ಸೆನ್ಸರಿನ ಒಂದೊಂದು ಬಿಂದು ಒಂದೇ ಬಣ್ಣವನ್ನು ನೋಡುತ್ತದೆ: ಅರ್ಧದಷ್ಟು ಬಿಂದುಗಳು ಹಸಿರು, ಉಳಿದರ್ಧದಲ್ಲಿ ಕೆಂಪು ನೀಲಿ ಸಮಪಾಲು. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಏರ್ಪಾಡೇ ಇವತ್ತಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ. ಕಾಣದ ಎರಡು ಬಣ್ಣಗಳನ್ನು ನೆರೆಯವರಿಂದ ಎರವಲು ಪಡೆಯುವುದರಿಂದ ಒಂದು ಬಿಂದುವಿನ ತಪ್ಪು ಅಕ್ಕಪಕ್ಕಕ್ಕೂ ಹರಡಿ, ಕಣ ಎರಡು ಮೂರು ಪಿಕ್ಸೆಲ್‌ನ ಮೆದು ಗುಳ್ಳೆಯಾಗುತ್ತದೆ. ಹಾಗಾಗಿ ಕಣದ ಲೇಯರಿಗೂ ಸಣ್ಣ ಬ್ಲರ್ ಬೇಕು, 0.6ರಿಂದ 0.8ರ ಆಸುಪಾಸು. 0.7ರ ಬ್ಲರ್ ಕೊಟ್ಟರೆ ಕಣದ ಜೋರು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಅದಕ್ಕೇ ಮೊದಲು ಎರಡೂವರೆ ಪಟ್ಟು ಹೆಚ್ಚು ಹಾಕಿಕೊಂಡು, ಬ್ಲರ್ ಮಾಡಿ, ಮತ್ತೆ ಅಳೆಯಬೇಕು. ಅಣ್ಣನ ಕೋಟು, ತಮ್ಮನ ಪ್ಯಾಂಟು ಎರಡನ್ನೂ 200%ರಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಗುಳ್ಳೆಯ ಗಾತ್ರ ಕೂಡಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ.

ಬಣ್ಣದ ಕಣವನ್ನು ಮರೆಯುವಂತಿಲ್ಲ. ಮಂಟಪದ ಹಳದಿ ದೀಪದಲ್ಲಿ ನೀಲಿ ಬೆಳಕು ಕಡಿಮೆ, ಕ್ಯಾಮೆರಾ ಆ ನೀಲಿಯನ್ನೇ ಹೆಚ್ಚು ಎಳೆದು ಸರಿದೂಗಿಸುತ್ತದೆ, ಎಳೆದಷ್ಟೂ ಕಣ ಬರುತ್ತದೆ. ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಹಸಿರಿನಲ್ಲಿ ಹುಡುಗ ಗುಂಪಿನೊಳಗೆ ಪೂರ್ತಿ ಕರಗಿಹೋಗಿರುತ್ತಾನೆ; ನೀಲಿ ತೆರೆದ ಕೂಡಲೇ ಉಳಿದವರೆಲ್ಲ ಒರಟೊರಟಾಗಿ, ಅವನೊಬ್ಬ ನುಣ್ಣಗೆ ನಿಂತಿರುತ್ತಾನೆ. ನೀಲಿ ಚಾನೆಲ್ಲಿಗಷ್ಟೇ ಇನ್ನೊಂದಿಷ್ಟು ಕಣ ಸೇರಿಸಬೇಕು. ನನ್ನನ್ನು ಕೇಳಿದರೆ, ಬೇರೊಬ್ಬರು ಮಾಡಿದ ಕೆಲಸವನ್ನು ಪರೀಕ್ಷಿಸಲು ನೀಲಿ ಚಾನೆಲ್ಲಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೆಲವೊಮ್ಮೆ ಹುಡುಗನ ಸುತ್ತ ಕಂಡೂ ಕಾಣದ ಒಂದು ನುಣುಪು ದಾರ ಓಡುತ್ತದೆ. ಕತ್ತರಿಸಿದ್ದು ಸರಿಯಿದೆ, ಬಣ್ಣ ಸರಿಯಿದೆ, ದಾರ ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳುತ್ತಾರೆ. ಕಾರಣ ಇದು: ಅಂಚನ್ನು ಮೆದು ಮಾಡಿದ್ದೇವೆ, ಅಂದರೆ ಆ ಎರಡು ಮೂರು ಪಿಕ್ಸೆಲ್‌ಗಳಲ್ಲಿ ಹುಡುಗ ಅರ್ಧ, ಹಿಂದಿನ ಪರದೆ ಅರ್ಧ ಬೆರೆತಿದ್ದಾರೆ. ಎರಡು ಬೇರೆಬೇರೆ ಕಣಗಳನ್ನು ಅರ್ಧರ್ಧ ಬೆರೆಸಿದರೆ ಒಂದರ ಏರು ಇನ್ನೊಂದರ ಇಳಿತವನ್ನು ತಿಂದುಹಾಕಿ, ಹತ್ತು ಪಾಲು ಇದ್ದದ್ದು ಏಳು ಪಾಲಿಗೆ ಇಳಿಯುತ್ತದೆ. ಎರಡೂ ಬದಿ ಕಣ ಸರಿಯಾಗಿದ್ದಷ್ಟೂ ಈ ನಡುವಿನ ನುಣುಪು ಎದ್ದು ಕಾಣುತ್ತದೆ. ಇದಕ್ಕೆ ಮದ್ದು, ಎಲ್ಲದರ ಮೇಲೆ ಇನ್ನೊಂದು ಕಣದ ಲೇಯರ್ ಇಟ್ಟು, ಕ್ಲಿಪ್ ಮಾಡದೆ, ಅಂಚಿನುದ್ದಕ್ಕೂ ಮಾತ್ರ ಸಣ್ಣ ಬ್ರಷ್ಷಿನಿಂದ ತೆರೆಯುವುದು. ಕಣ ಬೆಸುಗೆಯ ಆಚೆಗೂ ಈಚೆಗೂ ಒಂದೇ ಸಮನೆ ಹರಿದುಹೋಗಬೇಕು.

ಪರೀಕ್ಷೆ ಮಾಡುವಾಗ ಎಲ್ಲದರ ಮೇಲೆ ಒಂದು ಕರ್ವ್ಸ್ ಲೇಯರ್ ಇಟ್ಟು ಕಾಂಟ್ರಾಸ್ಟನ್ನು ವಿಪರೀತ ಏರಿಸಿ ನೋಡಿ, ಅಡಗಿದ್ದೆಲ್ಲ ಎದ್ದು ನಿಲ್ಲುತ್ತದೆ. ನೋಡಿದ ಮೇಲೆ ಆ ಲೇಯರ್ ತೆಗೆಯಲು ಮರೆಯಬೇಡಿ. ಪ್ರಿಂಟಿಗಾಗಿ ಕೊನೆಯಲ್ಲಿ ಮಾಡುವ ಶಾರ್ಪನಿಂಗನ್ನು ಎಲ್ಲ ಕೂಡಿಸಿದ ಮೇಲೆ ಇಡೀ ಚಿತ್ರಕ್ಕೆ ಒಟ್ಟಿಗೇ ಮಾಡಬೇಕು, ಹುಡುಗನಿಗೊಬ್ಬನಿಗೇ ಮಾಡಬಾರದು.

ಆಗದ ಕೆಲಸವೂ ಉಂಟು. ಮಂಕು ಫೋಟೋವನ್ನು ಚೂಪು ಗುಂಪಿಗೆ ಸೇರಿಸುವುದು ಅಂಥದ್ದು. ತೀರಿಕೊಂಡ ಅಜ್ಜನ ಪಾಸ್‌ಪೋರ್ಟ್ ಅಳತೆಯ ಹಳೆಯ ಫೋಟೋ ತಂದು ಗುಂಪಿನ ನಡುವೆ ಕೂರಿಸಿ ಎನ್ನುತ್ತಾರೆ. ಇಲ್ಲದ ವಿವರವನ್ನು ಶಾರ್ಪ್ ಮಾಡಿ ಹುಟ್ಟಿಸಲಾಗುವುದಿಲ್ಲ. ಮಾಡಲು ಹೋದರೆ ಅಜ್ಜನ ಮುಖದ ಸುತ್ತ ಬಿಳಿ ಗೆರೆಗಳು ಏಳುತ್ತವೆ ಅಷ್ಟೇ. ಆಗ ಗುಂಪನ್ನೇ ಒಂದಿಷ್ಟು ಮೆದು ಮಾಡಿ, ಇಡೀ ಚಿತ್ರಕ್ಕೆ ಒಂದೇ ಕಣ ಹಾಕಿ, ದೊಡ್ಡ ಪ್ರಿಂಟಿನ ಆಸೆ ಬಿಟ್ಟು ಸಣ್ಣ ಪ್ರಿಂಟು ತೆಗೆಸುವುದೇ ಸರಿ. ಒಪ್ಪದಿದ್ದರೆ ಗೋಡೆಯ ಮೇಲೆ ಅಜ್ಜನದು ಬೇರೆ ಚೌಕಟ್ಟು ಇರಲಿ ಎಂದು ನೇರವಾಗಿ ಹೇಳುವುದು ಮೇಲು.

ಇನ್ನು, ಇದೆಲ್ಲ ಕಣ್ಣಿನ ಮಟ್ಟಿಗಿನ ಮಾತು. ಪ್ರತಿಯೊಂದು ಸೆನ್ಸರಿಗೂ ತಯಾರಿಕೆಯಲ್ಲೇ ಬಂದ ಸಣ್ಣಪುಟ್ಟ ಏರುಪೇರು ಇದ್ದು, ಅದು ತೆಗೆದ ಪ್ರತಿ ಫೋಟೋದಲ್ಲೂ ಗುರುತು ಬಿಡುತ್ತದೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಜೆಸ್ಸಿಕಾ ಫ್ರಿಡ್ರಿಕ್ ಮತ್ತು ಸಂಗಡಿಗರು ಆ ಗುರುತಿನಿಂದ ಕ್ಯಾಮೆರಾವನ್ನು ಪತ್ತೆಹಚ್ಚುವ ವಿಧಾನವನ್ನು 2006ರಲ್ಲಿ ಪ್ರಕಟಿಸಿದರು. ನಾವು ಹಾಕುವ ಕಣದಲ್ಲಿ ಆ ಗುರುತು ಇರುವುದಿಲ್ಲ. ಮನೆಯ ಗೋಡೆಗೆ ಇದರಿಂದ ಏನೂ ಆಗಬೇಕಿಲ್ಲ. ಕೋರ್ಟು ಕಚೇರಿಗೆ ಕೊಡುವ ಫೋಟೋದಲ್ಲಿ ಇಂಥ ಕೈಚಳಕ ಮಾಡಿಕೊಡಿ ಎಂದು ಕೇಳುವವರು ಇದನ್ನು ತಿಳಿದಿರಲಿ.

ಸ್ಟುಡಿಯೊಗೆ ಫೋಟೋ ಕಳಿಸುವ ಕೇಳುಗರಲ್ಲಿ ಒಂದು ವಿನಂತಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ರೀತಿ ಫೋಟೋ ಕಳಿಸಿದರೆ ಅದು ಕಿರಿದಾಗಿ, ಹಿಂಡಿಕೊಂಡು, ಎಂಟೆಂಟು ಪಿಕ್ಸೆಲ್‌ನ ಚೌಕಗಳು ಎದ್ದ ಸ್ಥಿತಿಯಲ್ಲಿ ನಮ್ಮ ಕೈ ಸೇರುತ್ತದೆ. ಆ ಚೌಕಗಳ ಮೇಲೆ ಎಂಥ ಕಣ ಹಾಕಿದರೂ ಪೂರ್ತಿ ಮುಚ್ಚುವುದಿಲ್ಲ. ಅದೇ ಫೋಟೋವನ್ನು Document ಆಗಿ ಕಳಿಸಿ, ಇಲ್ಲವೇ ಇಮೇಲ್ ಮಾಡಿ. ಬ್ಯೂಟಿ ಮೋಡ್ ಆಫ್ ಮಾಡಿ, ಮಗನನ್ನು ಸಂಜೆ ಮನೆಯೊಳಗಿನ ದೀಪದಲ್ಲಿ ನಿಲ್ಲಿಸಿ, ಯಾರಾದರೂ ಸ್ನೇಹಿತರ ಕೈಯಲ್ಲಿ ನಾಲ್ಕು ಹೆಜ್ಜೆ ದೂರದಿಂದ ತೆಗೆಸಿ ಕಳಿಸಿದರೆ ನಮ್ಮ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.